ಸುತ್ತಗಳ ಕಾಲ ಮತ್ತು ಕರ್ತೃತ್ವ ಗುರುತಿಸುವುದು ಹೇಗೆ: ಮಹಾಪರಿನಿಬ್ಬಾಣ ಸುತ್ತವನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಬೌದ್ಧ ಸುತ್ತಗಳ, ಅಂದರೆ ಉಪದೇಶ ಪಠ್ಯಗಳ, ಕಾಲ ಹುಡುಕಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಇಡೀ ಸುತ್ತಕ್ಕೆ ಒಂದು ಇಸವಿ ಬೇಕು, ಒಬ್ಬ ಕರ್ತೃ ಬೇಕು ಎಂದುಕೊಂಡೇ ಕೆಲಸ ಶುರುಮಾಡುತ್ತಾರೆ. ಮೂರ್ನಾಲ್ಕು ಶತಮಾನ ಬಾಯಿಂದ ಬಾಯಿಗೆ ಹರಿದು ಬಂದ ಪಠ್ಯದಲ್ಲಿ ಅಂಥದ್ದು ಸಿಗುವುದಿಲ್ಲ. ಸಿಗದೇ ಹೋದಾಗ ಕೆಲವರು "ಎಲ್ಲವೂ ಬುದ್ಧನ ಬಾಯಿಂದಲೇ ಬಂದದ್ದು" ಎನ್ನುತ್ತಾರೆ, ಉಳಿದವರು "ಎಲ್ಲವೂ ಆಮೇಲೆ ಕಟ್ಟಿದ್ದು" ಎನ್ನುತ್ತಾರೆ. ಎರಡೂ ಪಠ್ಯವನ್ನು ಓದದೆ ಹೇಳಬಹುದಾದ ಮಾತುಗಳು.

ಇಲ್ಲಿರುವ ಕ್ರಮ ಯಾವ ಸುತ್ತಕ್ಕಾದರೂ ಹೊಂದುತ್ತದೆ. ಆದರೂ ಪಾಳಿಯ ಉದ್ದನೆಯ ಸುತ್ತಗಳ ಸಂಗ್ರಹವಾದ ದೀಘನಿಕಾಯದ 16ನೆಯ ಸುತ್ತವಾದ ಮಹಾಪರಿನಿಬ್ಬಾಣ ಸುತ್ತವನ್ನೇ ಉದ್ದಕ್ಕೂ ಹಿಡಿದಿದ್ದೇವೆ. ಬುದ್ಧನ ಕೊನೆಯ ಪ್ರಯಾಣ, ಸಾವು, ಅಸ್ಥಿ ಹಂಚಿಕೆ ಇದರ ಕಥೆ. ಕಾಲ ನಿರ್ಣಯದ ಎಲ್ಲ ತೊಡಕುಗಳೂ ಈ ಒಂದರಲ್ಲೇ ಸಿಗುತ್ತವೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಶಾಸನಗಳಿಂದ ಶುರುಮಾಡಿ ಆಮೇಲೆ ಪಠ್ಯಕ್ಕೆ ಬಂದವರು ಬೇಕಾದ ಉತ್ತರವನ್ನು ಪಠ್ಯದೊಳಗೆ ತುರುಕಿಯೇ ತೀರುತ್ತಾರೆ.

## ಕೈಗೆ ಬೇಕಾದ ಸಾಮಗ್ರಿ

ಪಾಳಿ ಮೂಲ ಬೇಕು. ಅನುವಾದ ಮಾತ್ರ ಸಾಲದು, ಏಕೆಂದರೆ ಪುನರುಕ್ತಿಗಳನ್ನು ಅನುವಾದಕರು ಓದುಗರ ಮೇಲಿನ ಕರುಣೆಯಿಂದ ಕತ್ತರಿಸುತ್ತಾರೆ, ಮತ್ತು ನಮಗೆ ಬೇಕಾಗಿರುವುದು ಆ ಪುನರುಕ್ತಿಗಳೇ. ಪಾಳಿ ಓದಲು ಬಾರದವರು ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಒಂದೇ ಪದಗುಚ್ಛ ಎಲ್ಲೆಲ್ಲಿ ಮರಳುತ್ತದೆ ಎಂದಾದರೂ ಕಣ್ಣಾಡಿಸಬೇಕು. suttacentral.net ತಾಣದಲ್ಲಿ `DN 16` ಎಂದು ಹುಡುಕಿದರೆ ಮೂಲ, ಅನುವಾದ, ಸಮಾನಾಂತರ ಪಠ್ಯಗಳ ಪಟ್ಟಿ ಮೂರೂ ಒಂದೇ ಕಡೆ ಸಿಗುತ್ತವೆ.

ಎರಡನೆಯದು ಅಟ್ಠಕಥೆ, ಅಂದರೆ ಐದನೆಯ ಶತಮಾನದಲ್ಲಿ ಬುದ್ಧಘೋಸ ಸಂಕಲಿಸಿದ ವ್ಯಾಖ್ಯಾನ. ಮೂರನೆಯದು ಆರು ಕಲಂಗಳ ಒಂದು ಸ್ಪ್ರೆಡ್‌ಶೀಟ್: ತುಣುಕು, ಅದರ ಸ್ಥಳ, ಪಾಳಿಯಲ್ಲಿ ಬೇರೆಲ್ಲಿ ಇದೆ, ಬೌದ್ಧರ ಇತರ ಶಾಖೆಗಳ ಪಠ್ಯದಲ್ಲಿ ಇದೆಯೇ, ಹೊರಗಿನ ಸಾಕ್ಷಿ, ತೀರ್ಮಾನ. ಕೊನೆಯ ಕಲಂ ಅನ್ನು ಆರನೆಯ ಹಂತದವರೆಗೆ ಖಾಲಿ ಬಿಡಿ.

## ಹಂತ 1: ಪ್ರಶ್ನೆಯನ್ನು ಒಡೆಯಿರಿ

"ಇದರ ಕಾಲ ಯಾವುದು?" ಎಂಬ ಪ್ರಶ್ನೆಯೊಳಗೆ ನಾಲ್ಕು ಬೇರೆ ಕಾಲಗಳಿವೆ. ಘಟನೆ ನಡೆದ ಕಾಲ ಒಂದು. ಅದರ ಬಗ್ಗೆ ಮೊದಲ ಕಥನ ಹುಟ್ಟಿದ ಕಾಲ ಇನ್ನೊಂದು. ಮಾತುಗಳು ಇಂದಿನ ರೂಪಕ್ಕೆ ಗಟ್ಟಿಯಾದ ಕಾಲ ಮೂರನೆಯದು. ಕೈಯಲ್ಲಿರುವ ಹಸ್ತಪ್ರತಿಯ ಕಾಲ ನಾಲ್ಕನೆಯದು. ಇವುಗಳ ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರ ಇರಬಹುದು. ಸಿಂಹಳದ ವಂಶಕಥೆಗಳ ಪ್ರಕಾರ ಪಾಳಿ ಧರ್ಮಗ್ರಂಥಗಳ ಸಮುಚ್ಚಯವಾದ ತಿಪಿಟಕ ಬರಹಕ್ಕೆ ಇಳಿದದ್ದು ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ, ವಟ್ಟಗಾಮಣಿ ರಾಜನ ಕಾಲಕ್ಕೆ. ಆದರೆ ಉಳಿದುಬಂದ ಪಾಳಿ ತಾಳೆಗರಿಗಳಲ್ಲಿ ತೀರಾ ಹಳೆಯವು ಕಠ್ಮಂಡುವಿನಲ್ಲಿ ಸಿಕ್ಕ ಭಿಕ್ಷುಗಳ ನಿಯಮಗಳಿರುವ ವಿನಯಪಿಟಕದ ನಾಲ್ಕು ಗರಿಗಳು, ಅವು 8 ಅಥವಾ 9ನೆಯ ಶತಮಾನದವು. ಪೂರ್ಣ ಪ್ರತಿಗಳು ಬಹುಪಾಲು ಇನ್ನೂ ಈಚಿನವು. ಹಸ್ತಪ್ರತಿ ಹೊಸದು ಎಂದ ಮಾತ್ರಕ್ಕೆ ಪಠ್ಯ ಹೊಸದಲ್ಲ. ಪಠ್ಯ ಹಳೆಯದು ಎಂದ ಮಾತ್ರಕ್ಕೆ ಅದರ ಪ್ರತಿ ಸಾಲೂ ಹಳೆಯದಲ್ಲ.

ಕರ್ತೃವಿನ ಪ್ರಶ್ನೆಯನ್ನೂ ಹೀಗೆಯೇ ಒಡೆಯಬೇಕು. ಸುತ್ತದೊಳಗೆ ಮಾತಾಡುವವರು ಒಬ್ಬರು, "ಏವಂ ಮೇ ಸುತಂ" (ನಾನು ಹೀಗೆ ಕೇಳಿದ್ದೇನೆ) ಎಂದು ನಿರೂಪಿಸುವವರು ಇನ್ನೊಬ್ಬರು, ಅದನ್ನು ಪಾಠಕ್ಕೆ ಅಳವಡಿಸಿದ ಭಾಣಕರು ಮತ್ತೆ ಬೇರೆ. ಭಾಣಕರೆಂದರೆ ಒಂದೊಂದು ನಿಕಾಯವನ್ನು ಕಂಠಪಾಠ ಮಾಡಿ ಉಳಿಸಿಕೊಂಡ ಭಿಕ್ಷುಗಳ ಬಳಗ. ಸುತ್ತಗಳು ತಾವೇ ಎಲ್ಲವನ್ನೂ ಬುದ್ಧನ ಮೇಲೆ ಹೊರಿಸುವುದಿಲ್ಲ ಎಂಬುದನ್ನೂ ಗಮನಿಸಿ. ಮಜ್ಝಿಮನಿಕಾಯದ 44ನೆಯ ಸುತ್ತದಲ್ಲಿ ಉತ್ತರ ಹೇಳುವವಳು ಭಿಕ್ಷುಣಿ ಧಮ್ಮದಿನ್ನಾ. 108ನೆಯದು ಬುದ್ಧ ತೀರಿಕೊಂಡು ಹೆಚ್ಚು ದಿನವಾಗಿಲ್ಲ ಎಂದು ಹೇಳಿಯೇ ಶುರುವಾಗುತ್ತದೆ, ಅಲ್ಲಿ ಮಾತಾಡುವವನು ಬುದ್ಧನ ಶಿಷ್ಯ ಆನಂದ. ಇಂಥ ಕಡೆ "ಬುದ್ಧ ಹೇಳಿದ್ದಾನೆ" ಎಂದು ಉಲ್ಲೇಖಿಸಿದರೆ ಅದು ಸುತ್ತವೇ ಒಪ್ಪದ ತಪ್ಪು.

## ಹಂತ 2: ಸುತ್ತವನ್ನು ತುಂಡು ಮಾಡಿ

ಮಹಾಪರಿನಿಬ್ಬಾಣ ಸುತ್ತ ಪೋಣಿಸಿದ ಪಠ್ಯ. ಅದರ ದೊಡ್ಡ ಪಾಲು ತಿಪಿಟಕದ ಬೇರೆ ಕಡೆ ಬಿಡಿಬಿಡಿಯಾಗಿ ಸಿಗುತ್ತದೆ. ಪಾಟಲಿಗಾಮದ ಪ್ರಸಂಗ ಉದಾನ 8.6ರಲ್ಲೂ ವಿನಯಪಿಟಕದ ಮಹಾವಗ್ಗದಲ್ಲೂ ಇದೆ. ಒಂದು ಮಾತು ಬುದ್ಧನದ್ದೇ ಹೌದೋ ಎಂದು ಒರೆಹಚ್ಚುವ ನಾಲ್ಕು "ಮಹಾಪದೇಸ"ಗಳು ಅಂಗುತ್ತರನಿಕಾಯದಲ್ಲೂ ಇವೆ. ಆದ್ದರಿಂದ ಕಾಲ ಹುಡುಕುವುದು ತುಣುಕಿಗೆ, ಸುತ್ತಕ್ಕಲ್ಲ.

ಕತ್ತರಿ ಎಲ್ಲಿ ಹಾಕಬೇಕು? ಬೆಸುಗೆಯ ಗುರುತುಗಳನ್ನು ಹುಡುಕಿ. ಈ ಸುತ್ತದಲ್ಲಿ ರಾಜಗಹ, ಅಂಬಲಟ್ಠಿಕಾ, ನಾಲಂದಾ, ಕೋಟಿಗಾಮ, ನಾದಿಕಾ, ಹೀಗೆ ಒಂದೊಂದು ಊರು ಬಂದಾಗಲೂ "ಇದು ಶೀಲ, ಇದು ಸಮಾಧಿ, ಇದು ಪ್ರಜ್ಞೆ" ಎಂಬ ಒಂದೇ ಉಪದೇಶ ಅಕ್ಷರ ಬದಲಾಗದೆ ಮರಳುತ್ತದೆ. ಅದರ ಹಿಂದೆಯೇ "ಬಾ ಆನಂದ, ಇಂಥ ಊರಿಗೆ ಹೋಗೋಣ" ಎಂಬ ಸಾಲು ಬರುತ್ತದೆ. ಭಾಣಕರು ಪ್ರಸಂಗಗಳನ್ನು ಜೋಡಿಸಿದ ಜಾಗಗಳು ಇವೇ.

ಇನ್ನೊಂದು ಗುರುತು ಅಲೆಯುವ ತುಣುಕು. ಬುದ್ಧ ತೀರಿಕೊಂಡ ಕುಸಿನಾರಾ ಹಿಂದೆ ಮಹಾಸುದಸ್ಸನನ ರಾಜಧಾನಿಯಾಗಿತ್ತು ಎಂಬ ಉದ್ದನೆಯ ಕಥೆ ಪಾಳಿಯಲ್ಲಿ 17ನೆಯ ಸುತ್ತವಾಗಿ ಪ್ರತ್ಯೇಕ ನಿಂತಿದೆ, 16ರಲ್ಲಿ ಅದರ ಸುಳಿವಷ್ಟೇ ಇದೆ. ದೀಘನಿಕಾಯಕ್ಕೆ ಸಾಟಿಯಾದ ಚೀನಿ ದೀರ್ಘಾಗಮದಲ್ಲೂ ಸಂಸ್ಕೃತ ಪಠ್ಯದಲ್ಲೂ ಅದೇ ಕಥೆ ಪರಿನಿರ್ವಾಣದ ಒಳಗೇ ಸೇರಿಕೊಂಡಿದೆ. ಒಂದು ತುಣುಕು ಒಂದು ಶಾಖೆಯಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ ಇದ್ದರೆ, ಶಾಖೆಗಳು ಬೇರೆಯಾಗುವ ಹೊತ್ತಿಗೆ ಅದರ ಜಾಗ ಇನ್ನೂ ಗಟ್ಟಿಯಾಗಿರಲಿಲ್ಲ ಎಂದು ತಿಳಿಯಬಹುದು. ಕಥೆ ಆಗಲೇ ಇತ್ತು, ಕೂರುವ ಜಾಗ ಮಾತ್ರ ತೀರ್ಮಾನವಾಗಿರಲಿಲ್ಲ.

## ಹಂತ 3: ಪಾಠದ ಅಚ್ಚುಗಳನ್ನು ಬದಿಗಿಡಿ

ಅತಿ ಹೆಚ್ಚು ಜನ ಸೋಲುವ ಹಂತ ಇದು.

ಮೌಖಿಕ ಎಂದ ಕೂಡಲೇ ನಮಗೆ ನೆನಪಾಗುವುದು ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆ. ಅಲ್ಲಿ ಹಾಡುವವರೂ ಸಂದರ್ಭವೂ ಬದಲಾದಂತೆ ಕಥೆ ಹಿಗ್ಗುತ್ತದೆ, ಕುಗ್ಗುತ್ತದೆ. ಸುತ್ತಗಳ ಪಾಠ ಆ ಬಗೆಯದಲ್ಲ. ಇವನ್ನು ಭಿಕ್ಷುಗಳು ಒಟ್ಟಾಗಿ ಕೂತು ಒಂದೇ ದನಿಯಲ್ಲಿ ಹೇಳುತ್ತಿದ್ದರು, ಅವರ ಸಭೆಗಳಿಗೆ ಸಂಗೀತಿ ಎಂಬ ಹೆಸರೇ ಅದರಿಂದ ಬಂದದ್ದು. ಹತ್ತು ಜನ ಒಟ್ಟಿಗೆ ಹೇಳುವಾಗ ಒಬ್ಬನು ಆಶುವಾಗಿ ಸಾಲು ಸೇರಿಸಲಾರ. ಹಾಗಾಗಿ ಇಲ್ಲಿನ ಬದಲಾವಣೆಗಳು ಬೇರೆ ಬಗೆಯವು: ಒಂದು ಅಚ್ಚುಮಾತು ತನ್ನದಲ್ಲದ ಜಾಗಕ್ಕೆ ಹೋಗಿ ಕೂರುತ್ತದೆ, ಪಟ್ಟಿಯ ಕ್ರಮ ತಿರುಗುತ್ತದೆ, ವಿವರಣೆಗೆಂದು ಹೇಳಿದ ಮಾತು ಮೂಲದೊಳಕ್ಕೆ ನುಸುಳುತ್ತದೆ, ಒಂದು ಕಂತು ಬಿಟ್ಟುಹೋಗುತ್ತದೆ.

ಅಚ್ಚು ಹೇಗಿರುತ್ತದೆ ಎಂದು ಒಂದನ್ನು ಹತ್ತಿರದಿಂದ ನೋಡಿ. ಉಪದೇಶ ಕೇಳಿ ಧರ್ಮ ಅರಿತವನ ಬಗ್ಗೆ ಸುತ್ತಗಳಲ್ಲಿ ಮತ್ತೆ ಮತ್ತೆ ಬರುವ ಸಾಲು: "ದಿಟ್ಠಧಮ್ಮೋ ಪತ್ತಧಮ್ಮೋ ವಿದಿತಧಮ್ಮೋ ಪರಿಯೋಗಾಳ್ಹಧಮ್ಮೋ." ಅಕ್ಷರ ಎಣಿಸಿ: 4, 4, 5, 7. ಚಿಕ್ಕ ಪದ ಮೊದಲು, ಉದ್ದನೆಯದು ಕೊನೆಗೆ. ನೆನಪಿಗೆ ಹಿಡಿಯಲಿ ಎಂದು ಮಾಡಿದ ಜೋಡಣೆ ಇದು. ಇಂಥ ಪದಸರಣಿ ಕಂಡಲ್ಲಿ, ಇದು ಒಬ್ಬ ವ್ಯಕ್ತಿ ಒಂದು ದಿನ ಆಡಿದ ಮಾತಿನ ವರದಿ ಅಲ್ಲ, ಪಾಠಕ್ಕೆ ಕಡೆದ ಮಾತು ಎಂದು ಗುರುತು ಹಾಕಿಕೊಳ್ಳಿ. ಒಳಗಿನ ವಿಚಾರ ಹಳೆಯದೇ ಇರಬಹುದು. ಪದಗಳನ್ನು ಮಾತ್ರ ಬುದ್ಧನ ಕಂಠಕ್ಕೆ ಕಟ್ಟಬೇಡಿ.

ಊರಿನ ಹೆಸರುಗಳಲ್ಲಿ ಇನ್ನೂ ದೊಡ್ಡ ಬಲೆ ಇದೆ. "ಭಗವಾನರು ಸಾವತ್ಥಿಯಲ್ಲಿ, ಅನಾಥಪಿಂಡಿಕನ ಆರಾಮದಲ್ಲಿ ತಂಗಿದ್ದರು" ಎಂಬ ಆರಂಭದ ಮೇಲೆ ಬುದ್ಧನ ಓಡಾಟದ ಭೂಪಟ, ವರ್ಷಗಳ ಲೆಕ್ಕ ಕಟ್ಟಿದವರಿದ್ದಾರೆ. ಆದರೆ ಮೂಲಸರ್ವಾಸ್ತಿವಾದಿಗಳೆಂಬ ಇನ್ನೊಂದು ಬೌದ್ಧ ಶಾಖೆಯ ವಿನಯದಲ್ಲಿ ಒಂದು ನಿಯಮವೇ ಇದೆ: ಸುತ್ತ ಎಲ್ಲಿ ಹೇಳಿದ್ದು ಎಂಬುದು ಮರೆತುಹೋದರೆ ಸಾವತ್ಥಿ, ಅಂದರೆ ಶ್ರಾವಸ್ತಿಯಂಥ ಆರು ಮಹಾನಗರಗಳಲ್ಲಿ ಒಂದರ ಹೆಸರು ಹೇಳಬೇಕು, ರಾಜನ ಹೆಸರು ಮರೆತರೆ ಪ್ರಸೇನಜಿತ್ ಎನ್ನಬೇಕು, ಗೃಹಸ್ಥನ ಹೆಸರು ಮರೆತರೆ ಅನಾಥಪಿಂಡದ ಎನ್ನಬೇಕು. ಅಷ್ಟು ಮುಕ್ತವಾಗಿ ಒಪ್ಪಿಕೊಂಡಿದ್ದಾರೆ. ಈ ನಿಯಮ ಪಾಳಿ ಪಾಠ ಕಾಪಾಡಿದ ಥೇರವಾದಿಗಳದ್ದಲ್ಲ ನಿಜ, ಆದರೂ ಸಾವತ್ಥಿ ಎಂಬ ಹೆಸರಿಗೆ ಐತಿಹಾಸಿಕ ಸಾಕ್ಷಿಯ ತೂಕ ಕೊಡಲು ಇನ್ನು ಧೈರ್ಯ ಬರಬಾರದು. ಅಪರೂಪದ ಊರು, ಬೇರೆಲ್ಲೂ ಬಾರದ ಹಳ್ಳಿ, ಅನನುಕೂಲವಾದ ಜಾಗ ಬಂದರೆ ಮಾತ್ರ ನಿಂತು ನೋಡಿ. ಕುಸಿನಾರಾ ಅಂಥದ್ದು. ಇಂಥ ಕಾಡುಮೂಲೆಯ ಕುಗ್ರಾಮದಲ್ಲಿ ಕೊನೆಯುಸಿರು ಎಳೆಯಬೇಡಿ ಎಂದು ಆನಂದನೇ ಬೇಡಿಕೊಳ್ಳುತ್ತಾನೆ. ಕಟ್ಟುಕಥೆ ಹೆಣೆಯುವವರು ಇಷ್ಟು ಮುಜುಗರದ ಜಾಗವನ್ನು ಆರಿಸಿಕೊಳ್ಳುತ್ತಿರಲಿಲ್ಲ.

ಒಂದು ಕೈಕೆಲಸದ ಎಚ್ಚರಿಕೆ. ಮುದ್ರಿತ ಪಾಳಿಯಲ್ಲಿ "...ಪೇ..." ಎಂದು ಕಂಡರೆ ಅದು ಪೇಯ್ಯಾಲ, ಪುನರುಕ್ತಿಯನ್ನು ಸಂಕ್ಷೇಪಿಸಿದ ಗುರುತು. ಒಂದೊಂದು ಮುದ್ರಣದಲ್ಲಿ ಒಂದೊಂದು ಕಡೆ ಸಂಕ್ಷೇಪಿಸಿರುತ್ತಾರೆ. ಎರಡು ಪಠ್ಯಗಳ ಉದ್ದ ಹೋಲಿಸುವ ಮೊದಲು ಪೇಯ್ಯಾಲಗಳನ್ನು ಪೂರ್ತಿ ಬಿಡಿಸಿ. ಬಿಡಿಸದೆ "ಇದು ಚಿಕ್ಕದು, ಆದ್ದರಿಂದ ಹಳೆಯದು" ಎಂದರೆ ನೀವು ಅಳೆದದ್ದು ಸಂಪಾದಕರ ಕತ್ತರಿಯನ್ನು.

## ಹಂತ 4: ಬೇರೆ ಶಾಖೆಗಳ ಪಠ್ಯ ಪಕ್ಕಕ್ಕಿಡಿ

ಪಾಳಿ ನಿಕಾಯಗಳು ಥೇರವಾದಿಗಳು ಕಾಪಾಡಿದ ಪಾಠ. ಇದೇ ಸುತ್ತ ಬೇರೆ ಶಾಖೆಗಳಲ್ಲೂ ಉಳಿದಿದೆ. ಬುದ್ಧಯಶ ಮತ್ತು ಝು ಫೋನಿಯಾನ್ 413ರಲ್ಲಿ ಚೀನಿಗೆ ತಂದ ದೀರ್ಘಾಗಮದಲ್ಲಿ ಇದು ಎರಡನೆಯ ಸೂತ್ರ. ಆ ಸಂಗ್ರಹ ಧರ್ಮಗುಪ್ತಕರದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮಧ್ಯ ಏಷ್ಯಾದ ತುರ್ಫಾನ್ ಪ್ರದೇಶದಲ್ಲಿ ಸಿಕ್ಕ ಸಂಸ್ಕೃತ ಚೂರುಗಳನ್ನು ಜರ್ಮನಿಯ ಅರ್ನ್ಸ್ಟ್ ವಾಲ್ಡ್‌ಶ್ಮಿಟ್ 1950ರ ಸುಮಾರಿಗೆ ಪಾಳಿ, ಟಿಬೆಟನ್ ಪಠ್ಯಗಳೊಂದಿಗೆ ಅಕ್ಕಪಕ್ಕ ಜೋಡಿಸಿ ಪ್ರಕಟಿಸಿದರು. ಇವಲ್ಲದೆ ಬಿಡಿಯಾಗಿ ಅನುವಾದವಾದ ಚೀನಿ ಪಠ್ಯಗಳೂ ಇವೆ.

ಹೋಲಿಸುವ ತರ್ಕ ಸರಳ. ಒಂದು ತುಣುಕು ಎಲ್ಲ ಶಾಖೆಗಳಲ್ಲೂ ಇದ್ದರೆ ಅದು ಶಾಖೆಗಳು ಒಡೆಯುವ ಮುಂಚಿನದ್ದಾಗಿರುವ ಸಂಭವ ಹೆಚ್ಚು. ಒಂದರಲ್ಲಿ ಮಾತ್ರ ಇದ್ದರೆ ಅಲ್ಲಿ ಸೇರಿಸಿದ್ದಿರಬಹುದು, ಉಳಿದ ಕಡೆ ಕಳೆದುಹೋದದ್ದೂ ಇರಬಹುದು.

ಮಹಾಪದೇಸಗಳನ್ನೇ ತೆಗೆದುಕೊಳ್ಳಿ. ಭೋಗನಗರದಲ್ಲಿ ಬುದ್ಧ ಹೇಳುತ್ತಾನೆ: ಯಾವನಾದರೂ ಭಿಕ್ಷು ಬಂದು "ಇದನ್ನು ಭಗವಾನರ ಬಾಯಿಂದಲೇ ಕೇಳಿದೆ" ಎನ್ನಬಹುದು, "ಇಂಥ ವಿಹಾರದ ಸಂಘದಿಂದ ಕೇಳಿದೆ" ಎನ್ನಬಹುದು, "ಬಹಳ ಮಂದಿ ಹಿರಿಯರಿಂದ" ಅಥವಾ "ಒಬ್ಬ ಹಿರಿಯನಿಂದ ಕೇಳಿದೆ" ಎನ್ನಬಹುದು. ಒಪ್ಪಲೂ ಬೇಡಿ, ತಳ್ಳಲೂ ಬೇಡಿ. ಆ ಮಾತು ಸುತ್ತಕ್ಕೆ ಇಳಿಯುತ್ತದೆಯೇ, ವಿನಯದಲ್ಲಿ ಕಾಣುತ್ತದೆಯೇ ನೋಡಿ. ಪಾಳಿಯಲ್ಲಿ ಒರೆಗಲ್ಲು ಈ ಎರಡೇ. ಮೂಲಸರ್ವಾಸ್ತಿವಾದದ ಸಂಸ್ಕೃತ ಪಾಠದಲ್ಲಿ ಮೂರನೆಯದೂ ಇದೆ, ಅದು "ಧರ್ಮತೆಗೆ ವಿರುದ್ಧವಾಗಿರಬಾರದು" ಎನ್ನುತ್ತದೆ. ದೀರ್ಘಾಗಮವೂ ಸುತ್ತ, ವಿನಯಗಳ ಜೊತೆ ಧರ್ಮವನ್ನು ಸೇರಿಸುತ್ತದೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ನಾಲ್ಕು ಸಂದರ್ಭಗಳ ಪಟ್ಟಿ ಎಲ್ಲ ಕಡೆ ಇರುವುದರಿಂದ ಅದು ಹಳೆಯದು. ಮೂರನೆಯ ಒರೆಗಲ್ಲಿನ ವಿಷಯದಲ್ಲಿ ಮಾತ್ರ ಶಾಖೆಗಳು ಬೇರೆ ಬೇರೆ ದಾರಿ ಹಿಡಿದಿವೆ. ಆ ಮೂರನೆಯದು ಆಮೇಲೆ ಸೇರಿದ್ದು ಎನ್ನಲು ಮನಸ್ಸು ಎಳೆಯುತ್ತದೆ, ನನಗೂ ಅದೇ ಹೆಚ್ಚು ಸಂಭವನೀಯ ಅನ್ನಿಸುತ್ತದೆ. ಆದರೆ ಸಂಖ್ಯೆಯಲ್ಲಿ ಎರಡು ಶಾಖೆ ಆ ಕಡೆ ಇವೆ, ಪಾಳಿ ಒಂದೇ ಈ ಕಡೆ. ಪಾಳಿ ಎಂದ ಮಾತ್ರಕ್ಕೆ ಮೂಲ ಎಂದು ಹಿಡಿಯಬೇಡಿ.

ಮಹಾಪದೇಸಗಳ ಒಳಗೆ ಇನ್ನೊಂದು ಸಾಕ್ಷಿಯೂ ಅಡಗಿದೆ. ಹೊಸದಾಗಿ ಬಂದ ಮಾತನ್ನು ಒರೆಹಚ್ಚಲು "ಸುತ್ತ" ಮತ್ತು "ವಿನಯ" ಎಂಬ ಸಂಗ್ರಹಗಳು ಆಗಲೇ ಇದ್ದಿರಬೇಕು, ಮತ್ತು ನಾಲ್ಕು ದಿಕ್ಕಿಂದ ನಾಲ್ಕು ಬಗೆಯ ಮಾತುಗಳು ಬಂದು ಸೇರುವ ಗೊಂದಲವೂ ಇದ್ದಿರಬೇಕು. ಈ ನಿಯಮ ಹುಟ್ಟಿದ್ದು ಆ ಸ್ಥಿತಿಯಲ್ಲಿ. ಅದು ಬುದ್ಧನ ಕೊನೆಯ ತಿಂಗಳುಗಳಿಗಿಂತ ಅವನ ನಂತರದ ತಲೆಮಾರುಗಳಿಗೆ ಚೆನ್ನಾಗಿ ಹೊಂದುತ್ತದೆ.

ಈ ಹಂತದ ಮಿತಿಯನ್ನೂ ಬರೆದಿಟ್ಟುಕೊಳ್ಳಿ. ಶಾಖೆಗಳು ಬೇರೆಯಾದ ಮೇಲೂ ಭಿಕ್ಷುಗಳು ಊರೂರು ಸುತ್ತುತ್ತಿದ್ದರು, ಒಬ್ಬರ ಪಾಠವನ್ನು ಇನ್ನೊಬ್ಬರು ಕೇಳುತ್ತಿದ್ದರು. ಹಾಗಾಗಿ ಒಮ್ಮತ ಎಂಬುದು ಆಮೇಲೆ ಪಾಠಗಳನ್ನು ಒಂದಕ್ಕೊಂದು ಸರಿಹೊಂದಿಸಿದ್ದರ ಫಲವೂ ಆಗಿರಬಹುದು. ಈ ಆಕ್ಷೇಪ ಎಲ್ಲ ತುಣುಕುಗಳಿಗೂ ಸಮನಾಗಿ ತಾಗುವುದಿಲ್ಲ. ಜನಪ್ರಿಯ ಪದ್ಯಗಳಿಗೆ ಹೆಚ್ಚು ತಾಗುತ್ತದೆ, ಯಾರಿಗೂ ಪ್ರಯೋಜನವಿಲ್ಲದ ಸಣ್ಣ ವಿವರಗಳಿಗೆ ಕಡಿಮೆ.

## ಹಂತ 5: ಹೊರಗಿನ ಗೂಟಗಳನ್ನು ನೆಡಿ

ಈಗ ಶಾಸನಗಳಿಗೆ ಬನ್ನಿ. ಗಟ್ಟಿ ಗೂಟ ಎಂದರೆ ಅಶೋಕ. ಅವನ 13ನೆಯ ಬಂಡೆ ಶಾಸನ ತನ್ನ ಕಾಲದ ಐವರು ಗ್ರೀಕ್ ರಾಜರನ್ನು ಹೆಸರಿಸುವುದರಿಂದ ಅವನ ಪಟ್ಟಾಭಿಷೇಕ ಸುಮಾರು ಕ್ರಿ.ಪೂ. 268ಕ್ಕೆ ಬಂದು ನಿಲ್ಲುತ್ತದೆ. ಬುದ್ಧನ ಕಾಲವನ್ನು ಲೆಕ್ಕ ಹಾಕುವುದು ಇಲ್ಲಿಂದ ಹಿಂದಕ್ಕೆ. ಸಿಂಹಳದ ವಂಶಕಥೆಗಳು ಪರಿನಿಬ್ಬಾಣದಿಂದ ಅಶೋಕನ ಪಟ್ಟಾಭಿಷೇಕಕ್ಕೆ 218 ವರ್ಷ ಎನ್ನುತ್ತವೆ, ಅಂದರೆ ಕ್ರಿ.ಪೂ. 486. ಉತ್ತರದ ಸಂಪ್ರದಾಯಗಳು ಸುಮಾರು 100 ವರ್ಷ ಎನ್ನುತ್ತವೆ, ಅಂದರೆ ಕ್ರಿ.ಪೂ. 368. ಈ 100 ದುಂಡು ಲೆಕ್ಕದ ವಾಸನೆ ಹೊಡೆಯುತ್ತದೆ. ಇಂದು ಬಹಳ ವಿದ್ವಾಂಸರು ಕ್ರಿ.ಪೂ. 400ರ ಆಸುಪಾಸನ್ನು ಒಪ್ಪುತ್ತಾರೆ. ಥೇರವಾದಿ ದೇಶಗಳ ಪಂಚಾಂಗದಲ್ಲಿ ಬುದ್ಧನ ಸಾವಿನ ಇಸವಿಯಾದ ಕ್ರಿ.ಪೂ. 544ನ್ನು 218ರ ಜೊತೆ ಹಾಕಿದರೆ ಅಶೋಕನ ಪಟ್ಟಾಭಿಷೇಕ 326ಕ್ಕೆ ಹೋಗಿಬಿಡುತ್ತದೆ. ಯಾರಾದರೂ ಈ ಎರಡು ಅಂಕಿಗಳನ್ನು ಒಂದೇ ಪುಟದಲ್ಲಿ ಬಳಸಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಲೆಕ್ಕ ತಪ್ಪುವುದಕ್ಕೆ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯೇ ಒಳ್ಳೆಯ ಉದಾಹರಣೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಅಲ್ಲಿನ ಅಶೋಕನ ಶಾಸನದಲ್ಲಿ 256 ಎಂಬ ಅಂಕಿ ಇದೆ. ಇದೇ ಅಂಕಿ ಉತ್ತರದ ರೂಪನಾಥ, ಸಹಸ್ರಾಮ್ ಶಾಸನಗಳಲ್ಲೂ ಇದೆ. ಜಾರ್ಜ್ ಬ್ಯೂಲರ್ ಇದನ್ನು ಬುದ್ಧ ತೀರಿಕೊಂಡ ಮೇಲಿನ 256 ವರ್ಷ ಎಂದು ಓದಿದರು. ಬುದ್ಧನ ಇಸವಿಯೇ ಕಲ್ಲಿನ ಮೇಲೆ ಸಿಕ್ಕಿತು ಎಂಬ ಉತ್ಸಾಹ ಆಗ. ಆದರೆ ಸಹಸ್ರಾಮಿನ ಪಾಠದಲ್ಲಿ ರಾತ್ರಿಗಳ ಮಾತಿದೆ. ಇಂದಿನ ಒಪ್ಪಿತ ಓದು: ರಾಜ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು. ಒಂದೇ ಶಾಸನದ ಬೇರೆ ಪ್ರತಿಗಳನ್ನು ಓದದೆ ಅಂಕಿಗೆ ಕೈಹಾಕಬಾರದು ಎಂಬುದಕ್ಕೆ ಇಷ್ಟು ಸಾಕು.

ಸುತ್ತಗಳಿಗೇ ನೇರವಾಗಿ ತಾಗುವ ಗೂಟ ರಾಜಸ್ಥಾನದ ಬೈರಾಟದ ಶಾಸನ, ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿದೆ. ಅಲ್ಲಿ ಅಶೋಕ ಏಳು ಧರ್ಮಪಾಠಗಳನ್ನು ಹೆಸರಿಸಿ, ಭಿಕ್ಷುಗಳೂ ಗೃಹಸ್ಥರೂ ಇವನ್ನು ಕೇಳುತ್ತಿರಲಿ ಎನ್ನುತ್ತಾನೆ. ಕೊನೆಯದು "ಲಾಘುಲೋವಾದೇ ಮುಸಾವಾದಂ ಅಧಿಗಿಚ್ಯ", ಅಂದರೆ ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ ಬುದ್ಧಿಮಾತು. ಮಜ್ಝಿಮನಿಕಾಯದ 61ನೆಯ ಸುತ್ತ ರಾಹುಲನಿಗೆ ಸುಳ್ಳಿನ ಬಗ್ಗೆಯೇ ಹೇಳಿದ್ದು, ಹೊಂದಾಣಿಕೆ ಗಟ್ಟಿ. "ಸುಳ್ಳಿನ ವಿಷಯವಾಗಿ" ಎಂದು ಬಿಡಿಸಿ ಹೇಳಬೇಕಾಯಿತು ಎಂದರೆ ರಾಹುಲನ ಹೆಸರಿನ ಬೇರೆ ಉಪದೇಶಗಳೂ ಆಗ ಚಾಲ್ತಿಯಲ್ಲಿದ್ದಿರಬೇಕು. ಆದರೆ ಈ ಗೂಟದ ಶಕ್ತಿ ಇಷ್ಟೇ: ಕ್ರಿ.ಪೂ. 3ನೆಯ ಶತಮಾನದ ನಡುವೆ ಆ ವಿಷಯದ, ಆ ಹೆಸರಿನ ಪಾಠ ಇತ್ತು. ಇಂದಿನ 61ನೆಯ ಸುತ್ತದ ಪದಗಳು ಆಗಲೇ ಹೀಗೇ ಇದ್ದವು ಎಂದು ಅದು ಹೇಳುವುದಿಲ್ಲ. ಉಳಿದ ಆರರಲ್ಲಿ ಕೆಲವನ್ನು ಯಾವ ಸುತ್ತದೊಂದಿಗೆ ಹೊಂದಿಸಬೇಕು ಎಂಬುದರಲ್ಲಿ ಇನ್ನೂ ಜಗಳವಿದೆ.

ಭಾರ್ಹುತ್ ಸ್ತೂಪದ ದಾನಶಾಸನಗಳು ಇನ್ನೊಂದು ಗೂಟ. ಕ್ರಿ.ಪೂ. 2-1ನೆಯ ಶತಮಾನದ ಆ ಕಲ್ಲುಗಳಲ್ಲಿ ಒಬ್ಬ ದಾನಿಗೆ ಭಾಣಕ ಎಂಬ ಬಿರುದಿದೆ, ಇನ್ನೊಬ್ಬನಿಗೆ "ಪಂಚನೇಕಾಯಿಕ", ಐದು ನಿಕಾಯ ಬಲ್ಲವನು ಎಂದಿದೆ. ಐದು ನಿಕಾಯಗಳೆಂಬ ವಿಭಾಗ ಆ ಹೊತ್ತಿಗೆ ಇತ್ತು ಎಂಬುದಕ್ಕೆ ಇದು ಪುರಾವೆ, ಯಾವ ನಿಕಾಯದಲ್ಲಿ ಏನೇನಿತ್ತು ಎಂಬುದಕ್ಕಲ್ಲ.

## ಹಂತ 6: ಪಾಟಲಿಗಾಮದ ತುಣುಕನ್ನು ಬಿಡಿಸಿ ನೋಡೋಣ

ಪ್ರಸಂಗ ಹೀಗಿದೆ. ಬುದ್ಧ ಗಂಗಾತೀರದ ಪಾಟಲಿಗಾಮಕ್ಕೆ ಬರುತ್ತಾನೆ. ಮಗಧದ ಮಂತ್ರಿಗಳಾದ ಸುನಿಧ, ವಸ್ಸಕಾರರು ನೆರೆಯ ಗಣರಾಜ್ಯದವರಾದ ವಜ್ಜಿಗಳನ್ನು ತಡೆಯಲು ಅಲ್ಲಿ ಕೋಟೆ ಕಟ್ಟಿಸುತ್ತಿದ್ದಾರೆ. ಬುದ್ಧ ದಿವ್ಯದೃಷ್ಟಿಯಿಂದ ಅಲ್ಲಿ ನೆಲೆಸುತ್ತಿರುವ ದೇವತೆಗಳನ್ನು ಕಂಡು, ಇದು ಮುಂದೆ ಪಾಟಲಿಪುತ್ತ ಎಂಬ ಅಗ್ರನಗರವಾಗುತ್ತದೆ, ಬೆಂಕಿ, ನೀರು, ಒಳಜಗಳ ಈ ಮೂರರಿಂದ ಅದಕ್ಕೆ ಅಪಾಯ ಎನ್ನುತ್ತಾನೆ.

ತುಣುಕನ್ನು ಎರಡಾಗಿ ಸೀಳಿ. ಹಳ್ಳಿ, ಕೋಟೆಯ ಕೆಲಸ, ವಜ್ಜಿಗಳ ಭಯ ಒಂದು ಪಾಲು. ಇವು ಆಗಿನ ಮಗಧದ ರಾಜ ಅಜಾತಸತ್ತುವಿನ ಕಾಲಕ್ಕೆ ಸರಿಯಾಗಿ ಕೂರುತ್ತವೆ. ವಜ್ಜಿಗಳು ಮಗಧಕ್ಕೆ ಸೇರಿಹೋದ ಮೇಲೆ ಇಂಥ ಕೋಟೆಯನ್ನು ಕಥೆಗಾಗಿ ಹುಟ್ಟಿಸುವ ಅಗತ್ಯ ಯಾರಿಗೂ ಇರಲಿಲ್ಲ. ಭವಿಷ್ಯವಾಣಿ ಇನ್ನೊಂದು ಪಾಲು. ಅದು ಪಾಟಲಿಪುತ್ರ ನಿಜವಾಗಿ ಅಗ್ರನಗರವಾದುದನ್ನು ಬಲ್ಲವರ ಮಾತು. ಪುರಾಣಗಳು ಗಂಗೆಯ ದಂಡೆಯ ಕುಸುಮಪುರವನ್ನು ಅಜಾತಶತ್ರುವಿನ ನಂತರದ ಉದಾಯಿನ್ ಕಟ್ಟಿಸಿದನೆನ್ನುತ್ತವೆ. ಕ್ರಿ.ಪೂ. 300ರ ಆಸುಪಾಸಿನಲ್ಲಿ ಚಂದ್ರಗುಪ್ತನ ಆಸ್ಥಾನಕ್ಕೆ ಬಂದ ಮೆಗಸ್ತನೀಸ್ 64 ಬಾಗಿಲು, 570 ಬುರುಜುಗಳ ಮರದ ಕೋಟೆಯನ್ನು ವರ್ಣಿಸುತ್ತಾನೆ. ಆದ್ದರಿಂದ ಭವಿಷ್ಯವಾಣಿ ನಂದರ ಅಥವಾ ಮೊದಲ ಮೌರ್ಯರ ಕಾಲದ ಪದರ ಎನ್ನುವುದು ಸುರಕ್ಷಿತ.

ಈಗ ಅದೇ ಸುತ್ತದ ಕೊನೆಗೆ ಹೋಗಿ. ಕುಸಿನಾರಾದಲ್ಲಿ ಸಾಯಬೇಡಿ, ದೊಡ್ಡ ನಗರಗಳಿವೆ ಎಂದು ಆನಂದ ಆರು ಹೆಸರು ಹೇಳುತ್ತಾನೆ: ಚಂಪಾ, ರಾಜಗಹ, ಸಾವತ್ಥಿ, ಸಾಕೇತ, ಕೋಸಂಬಿ, ಬಾರಾಣಸಿ. ಪಾಟಲಿಪುತ್ತ ಇಲ್ಲ. ಇದೇ ಸುತ್ತದಲ್ಲಿ ಹಿಂದೆ ಅಗ್ರನಗರವಾಗಲಿದೆ ಎಂದ ಊರು ಈ ಪಟ್ಟಿಯಲ್ಲಿ ಹೆಸರಿಗೂ ಇಲ್ಲ. ಪಟ್ಟಿಯ ಪದರಕ್ಕೆ ಆ ನಗರ ಗೊತ್ತಿಲ್ಲ, ಭವಿಷ್ಯವಾಣಿಯ ಪದರಕ್ಕೆ ಗೊತ್ತಿದೆ. ಭಾಣಕರು ಹೊಸದನ್ನು ಸೇರಿಸಿದರೂ ಹಳೆಯದನ್ನು ತಿದ್ದಲಿಲ್ಲ. ಕಂಠಪಾಠದ ಬಿಗಿಯಿಂದ ಇತಿಹಾಸಕಾರನಿಗೆ ಆಗುವ ಲಾಭ ಇದು.

ಜಾರುವ ಜಾಗಗಳು ಎರಡಿವೆ. ನಗರಗಳ ಪಟ್ಟಿಯೂ ಒಂದು ಅಚ್ಚೇ. ಹಳೆಯ ಅಚ್ಚನ್ನು ಹೊಸ ಕಾಲದಲ್ಲೂ ಯಾರಾದರೂ ಬಳಸಬಹುದು. ಆದ್ದರಿಂದ ಪಟ್ಟಿ ಹಳೆಯದು ಎನ್ನಿ, ಆನಂದನ ಬೇಡಿಕೆಯ ಇಡೀ ಸಂಭಾಷಣೆ ಹಳೆಯದು ಎಂದು ಅಷ್ಟರಿಂದಲೇ ಹೇಳಬೇಡಿ. ಎರಡನೆಯದು, ಬೆಂಕಿ ಮತ್ತು ನೀರಿನ ಮಾತನ್ನು ಪಟ್ನಾದ ಉತ್ಖನನಕ್ಕೆ ಅಂಟಿಸುವ ಆಸೆ. ಕುಮ್ರಹಾರದ ಕಂಬಗಳ ಸಭಾಂಗಣದಲ್ಲಿ ಬೂದಿ ಸಿಕ್ಕಿದೆ ನಿಜ. ಆದರೆ ನದಿದಡದ ಮರದ ಊರಿಗೆ ಬೆಂಕಿ, ನೆರೆ, ಒಳಜಗಳದ ಭಯ ಹೇಳಲು ಯಾವ ಬೂದಿಯನ್ನೂ ಕಂಡಿರಬೇಕಾಗಿಲ್ಲ.

## ಹಂತ 7: ವ್ಯಾಖ್ಯಾನಕಾರರನ್ನು ಕೇಳಿ

ಇದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಮೊದಲೇ ಅಟ್ಠಕಥೆ ತೆರೆದರೆ ಅದರ ಕಣ್ಣಿಂದಲೇ ಮೂಲ ಓದುವ ಚಟ ಹತ್ತುತ್ತದೆ. ಆದರೆ ಕೊನೆಗಾದರೂ ತೆರೆಯಲೇಬೇಕು, ಏಕೆಂದರೆ ಸಂಪ್ರದಾಯ ತನ್ನ ಸೇರ್ಪಡೆಗಳನ್ನು ತಾನೇ ಒಪ್ಪಿಕೊಳ್ಳುವ ಜಾಗಗಳಿವೆ.

ಮಹಾಪರಿನಿಬ್ಬಾಣ ಸುತ್ತದ ಕಟ್ಟಕಡೆಗೆ ಅಸ್ಥಿಗಳ ಬಗ್ಗೆ ಕೆಲವು ಪದ್ಯಗಳಿವೆ. ದ್ರೋಣ ಎಂಬ ಅಳತೆಯಲ್ಲಿ ಎಂಟಾದ ಅಸ್ಥಿಗಳಲ್ಲಿ ಏಳಕ್ಕೆ ಜಂಬುದ್ವೀಪದಲ್ಲಿ ಪೂಜೆ, ಒಂದಕ್ಕೆ ರಾಮಗ್ರಾಮದಲ್ಲಿ ನಾಗರಾಜನಿಂದ. ಒಂದು ಕೋರೆಹಲ್ಲು ಸ್ವರ್ಗದಲ್ಲಿ, ಒಂದು ಗಂಧಾರದಲ್ಲಿ, ಒಂದು ಕಳಿಂಗ ರಾಜನ ನಾಡಿನಲ್ಲಿ, ಇನ್ನೊಂದು ನಾಗರ ಬಳಿ. ಗಂಧಾರ, ಕಳಿಂಗಗಳ ಹೆಸರು ಕಂಡಾಗಲೇ ಅನುಮಾನ ಬರಬೇಕು. ಸುತ್ತದ ಪ್ರಯಾಣವೆಲ್ಲ ಮಗಧದಿಂದ ಮಲ್ಲರ ನಾಡಿನವರೆಗೆ, ಈ ಪದ್ಯಗಳ ಭೂಪಟ ಮಾತ್ರ ಇಡೀ ಉಪಖಂಡದ್ದು. ಅಟ್ಠಕಥೆ ಯಾವ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಈ ಗಾಥೆಗಳನ್ನು ಹೇಳಿದವರು ತಂಬಪಣ್ಣಿ ದ್ವೀಪದ, ಅಂದರೆ ಸಿಂಹಳದ ಥೇರರು. ಇಲ್ಲಿ ತೀರ್ಮಾನದ ಕಲಂನಲ್ಲಿ ಕರ್ತೃತ್ವ ತುಂಬುವುದು ಸುಲಭ. ಕಾಲಕ್ಕೆ "ಬೌದ್ಧ ಧರ್ಮವನ್ನು ಹೊತ್ತು ಮಹಿಂದ ಸಿಂಹಳಕ್ಕೆ ಹೋದ ಕ್ರಿ.ಪೂ. 3ನೆಯ ಶತಮಾನದ ನಂತರ, ಬುದ್ಧಘೋಸನ ಮುಂಚೆ" ಎಂದು ಬರೆಯಿರಿ. ಸಿಂಹಳದಲ್ಲೇ ಹುಟ್ಟಿದ ಪದ್ಯಗಳೂ ಪವಿತ್ರ ಸುತ್ತದ ಒಳಗೆ ಸೇರಿ ಪಾಠವಾದವು ಎಂಬುದನ್ನು ಇದು ತೋರಿಸಿಕೊಡುತ್ತದೆ. ಹಾಗೆಂದು ಉಳಿದದ್ದೆಲ್ಲ ಅಲ್ಲಿಯೇ ಹುಟ್ಟಿತು ಎಂದು ಹಿಗ್ಗಿಸಬೇಡಿ. ಇದನ್ನು ಸೇರ್ಪಡೆ ಎಂದು ವ್ಯಾಖ್ಯಾನಕಾರರು ನೆನಪಿಟ್ಟುಕೊಂಡಿದ್ದರು, ಉಳಿದುದರ ಬಗ್ಗೆ ಅವರಿಗೆ ಆ ನೆನಪಿರಲಿಲ್ಲ.

## ಹಂತ 8: ತೀರ್ಮಾನವನ್ನು ಬರೆಯುವ ಬಗೆ

ಪ್ರತಿ ತುಣುಕಿಗೂ ಮೇಲಿನ ಮಿತಿ, ಕೆಳಗಿನ ಮಿತಿ, ಎರಡಕ್ಕೂ ಕಾರಣ ಬರೆಯಿರಿ. ಪಾಟಲಿಗಾಮದ ಸಾಲು ಹೀಗಿರಬಹುದು: "ಕೋಟೆಯ ಪ್ರಸಂಗ: ಅಜಾತಸತ್ತುವಿನ ಕಾಲದ ನೆನಪು, ಮೂರು ಶಾಖೆಗಳಲ್ಲಿದೆ. ಭವಿಷ್ಯವಾಣಿ: ನಗರ ದೊಡ್ಡದಾದ ಮೇಲಿನದು, ಆದರೆ ಅದೂ ಮೂರು ಶಾಖೆಗಳಲ್ಲಿರುವುದರಿಂದ ಮೌರ್ಯರ ಕಾಲಕ್ಕಿಂತ ಬಹಳ ಈಚೆಗೆ ತರಲಾಗದು. ಕರ್ತೃ: ಹೆಸರಿಲ್ಲದ ಭಾಣಕರು. ಖಚಿತತೆ: ಮಧ್ಯಮ."

ಇಸವಿಯ ಬದಲು ಕ್ರಮವನ್ನು ಬರೆಯಲು ಹಿಂಜರಿಯಬೇಡಿ. "ಇದು ಅದಕ್ಕಿಂತ ಹಿಂದಿನದು" ಎಂಬುದನ್ನು ಹಲವು ಕಡೆ ಸಾಬೀತು ಮಾಡಬಹುದು, ಇಸವಿಯನ್ನು ಅಪರೂಪಕ್ಕೆ. ಸುತ್ತನಿಪಾತದ ಅಟ್ಠಕವಗ್ಗ, ಪಾರಾಯನವಗ್ಗಗಳು ಒಳ್ಳೆಯ ಉದಾಹರಣೆ. ಅವುಗಳಿಗೆ ನಿದ್ದೇಸ ಎಂಬ ವ್ಯಾಖ್ಯಾನ ತಿಪಿಟಕದ ಒಳಗೇ ಇದೆ. ವ್ಯಾಖ್ಯಾನಕ್ಕೆ ಮುಂಚೆ ಮೂಲ ಇದ್ದಿರಲೇಬೇಕು, ಅದೂ ಪದ ಬಿಡಿಸಿ ಹೇಳಬೇಕಾದಷ್ಟು ಹಳತಾಗಿ. ಎಷ್ಟು ವರ್ಷ ಮುಂಚೆ ಎಂಬ ಕಲಂ ಖಾಲಿಯೇ ಇರಲಿ.

ಭಾಷೆಯನ್ನು ನೋಡಿ ಕಾಲ ಹೇಳುವವರಿಗೂ ಇದೇ ಮಾತು. "ಭಿಕ್ಖವೇ" ಎಂಬ ಸಂಬೋಧನೆಯ ಕೊನೆಯ ಏಕಾರ ಪೂರ್ವದ ಮಾಗಧಿಯ ಕುರುಹು, ಪಾಳಿಗೆ ಪಾಠ ತಿರುಗಿಸುವಾಗ ಹಾಗೇ ಉಳಿದದ್ದು. ಆದರೆ ಆ ಪದ ಅಚ್ಚಾಗಿ ಹೋಗಿದೆ, ಯಾವ ಕಾಲದಲ್ಲಿ ಸುತ್ತ ಕಟ್ಟಿದವರೂ ಅದನ್ನೇ ಬಳಸುತ್ತಿದ್ದರು. ಅದನ್ನು ಹಳಮೆಯ ಸಾಕ್ಷಿ ಎಂದು ನಿಮ್ಮ ಹಾಳೆಯಲ್ಲಿ ಬರೆದಿದ್ದರೆ ಹೊಡೆದುಹಾಕಿ.